ಎಪ್ಪತ್ತೋ ಎಂಬತ್ತೋ: ಶಬ್ದವಿಲ್ಲದ ವಿಡಿಯೊದಲ್ಲಿ ತುಟಿ ಓದುವ ಬಗೆ

ಕಳೆದ ವರ್ಷ ಚೌತಿ ಮುಗಿದ ವಾರ ತೀರ್ಥಹಳ್ಳಿ ಕಡೆಯಿಂದ ಭಾವ ಒಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಅಡಿಕೆ ತೋಟದ ಫಸಲನ್ನು ಆ ಸಲ ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿದ್ದರು. ಮಾತುಕತೆ ಅವರ ಮನೆ ಜಗಲಿಯಲ್ಲೇ ಆಗಿತ್ತು. ಮುಂಗಡ ಎಂಬತ್ತು ಸಾವಿರ ಎಂದು ಚೇಣಿದಾರ ಒಪ್ಪಿದ ಎಂಬುದು ಭಾವನ ನೆನಪು. ತಾನು ಹೇಳಿದ್ದು ಎಪ್ಪತ್ತೇ ಎಂದು ಆತ. ಚೀಟಿ ಬರೆದಿರಲಿಲ್ಲ. ಜಗಲಿಯ ಮೂಲೆಯಲ್ಲಿ ಸಿಸಿಟಿವಿ ಕ್ಯಾಮೆರಾ ಇತ್ತು. ಅದರಲ್ಲಿ ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ.

"ನೀನು ದಿನಾ ವಿಡಿಯೊ ನೋಡ್ತಾ ಕೂರುವವ. ಅತ್ತೆ ತುಟಿ ನೋಡಿಯೇ ಮಾತು ತಿಳ್ಕೊಳ್ತಾರೆ. ಇಬ್ಬರೂ ಸೇರಿ ಅವ ಏನು ಹೇಳಿದ ಅಂತ ನೋಡಿ ಹೇಳಿ ಮಾರಾಯ" ಅಂದರು.

ನಾನು ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಅಮ್ಮನಿಗೆ 12 ವರ್ಷದಿಂದ ಕಿವಿ ಬಹಳ ಮಂದ. ಎದುರು ಕೂತವರ ಮುಖ ನೋಡಿ ಮಾತು ಹಿಡಿಯುವುದರಲ್ಲಿ ಅವರಷ್ಟು ಚುರುಕಾದವರನ್ನು ನಾನು ಕಂಡಿಲ್ಲ. ಆದರೆ ಆ ಹೊತ್ತು ಇಬ್ಬರಿಂದಲೂ ಭಾವ ಕೇಳಿದ ಉತ್ತರ ಕೊಡಲಾಗಲಿಲ್ಲ. ಏಕೆ ಆಗಲಿಲ್ಲ, ಆದರೂ ಆ ವಿಡಿಯೊದಿಂದ ಏನೇನು ಸಿಕ್ಕಿತು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮನೆಮನೆಯಲ್ಲೂ ಕ್ಯಾಮೆರಾ ಬಂದಿದೆ. ಜಗಳ ಬಂದಾಗ ಇಂಥ ತುಣುಕನ್ನು ಮುಂದಿಟ್ಟು "ನೋಡು, ತುಟಿಯಲ್ಲೇ ಗೊತ್ತಾಗ್ತದೆ" ಅನ್ನುವವರು ಹೆಚ್ಚುತ್ತಿದ್ದಾರೆ.

ವರ್ಣಮಾಲೆಯನ್ನೇ ಒಮ್ಮೆ ಕನ್ನಡಿ ಮುಂದೆ ಓದಿ

ಮೊದಲು ಒಂದು ಸಣ್ಣ ಕೆಲಸ ಮಾಡಿ. ಕನ್ನಡಿ ಎದುರು ನಿಂತು ಪ, ಫ, ಬ, ಭ, ಮ ಎಂದು ಹೇಳಿ. ಐದಕ್ಕೂ ಎರಡು ತುಟಿ ಸೇರಿ ಬಿಡುತ್ತವೆ. ಕಣ್ಣಿಗೆ ಕಾಣುವುದು ಅಷ್ಟೇ. ಪ ಮತ್ತು ಬ ನಡುವಿನ ವ್ಯತ್ಯಾಸ ಇರುವುದು ಗಂಟಲಲ್ಲಿ: ಬ ಹೇಳುವಾಗ ಧ್ವನಿತಂತು ಕಂಪಿಸುತ್ತದೆ, ಪ ಹೇಳುವಾಗ ಇಲ್ಲ. ಮ ಹೇಳುವಾಗ ಬಾಯಿಯ ಹಿಂದಿನ ಮೃದು ಅಂಗುಳ ಕೆಳಗಿಳಿದು ಉಸಿರು ಮೂಗಿನಿಂದ ಹೊರಡುತ್ತದೆ. ಮಹಾಪ್ರಾಣಕ್ಕೆ ಉಸಿರಿನ ಒತ್ತು ಹೆಚ್ಚು. ಈ ಮೂರೂ ತುಟಿಯ ಹಿಂದೆ ನಡೆಯುವ ಕೆಲಸ. ಯಾವ ಕ್ಯಾಮೆರಾವೂ ಅದನ್ನು ಹಿಡಿಯುವುದಿಲ್ಲ.

ನಮ್ಮ ವರ್ಣಮಾಲೆಯನ್ನು ಜೋಡಿಸಿರುವ ರೀತಿಯೇ ಇದನ್ನು ಹೇಳುತ್ತದೆ. ಒಂದು ವರ್ಗದ ಐದು ಅಕ್ಷರ ಒಂದೇ ಸ್ಥಾನದಲ್ಲಿ ಹುಟ್ಟುತ್ತವೆ. ಘೋಷ, ಪ್ರಾಣ, ಅನುನಾಸಿಕ ಮಾತ್ರ ಬೇರೆ. ಹಾಗಾಗಿ ತುಟಿ ನೋಡುವವನಿಗೆ ವರ್ಗಕ್ಕೊಂದೇ ಅಕ್ಷರ ಉಳಿಯುತ್ತದೆ. ಕವರ್ಗ ಗಂಟಲ ಹತ್ತಿರ ಹುಟ್ಟುವುದರಿಂದ ಅದು ಹೊರಗೆ ಕಾಣುವುದೇ ಇಲ್ಲ ಎನ್ನಬಹುದು. ಟವರ್ಗದಲ್ಲಿ ನಾಲಿಗೆ ಹಿಂದಕ್ಕೆ ಮಡಚುತ್ತದೆ, ಅದೂ ಒಳಗೇ. ತವರ್ಗದಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಾಗುವುದು ಹತ್ತಿರದಿಂದ ನೋಡಿದರೆ ಒಮ್ಮೊಮ್ಮೆ ಕಾಣುತ್ತದೆ. ಸ್ವರಗಳಲ್ಲಿ ಉ, ಒ ಬಂದಾಗ ತುಟಿ ದುಂಡಗಾಗುತ್ತದೆ. ಇ, ಎ ಬಂದಾಗ ಬಾಯಿಯ ಮೂಲೆಗಳು ಹಿಗ್ಗುತ್ತವೆ. ಆ ಬಂದರೆ ದವಡೆ ಇಳಿಯುತ್ತದೆ. ವ ಹೇಳುವಾಗ ಕೆಳತುಟಿ ಮೇಲಿನ ಹಲ್ಲಿನ ಸಮೀಪ ಹೋಗುತ್ತದೆ, ಆದರೆ ಬಾಯಿ ಮುಚ್ಚುವುದಿಲ್ಲ.

ಆದ್ದರಿಂದ ಹಾಲು, ಕಾಲು, ಆಳು ಎಂಬ ಮೂರು ಮಾತಿಗೂ ತುಟಿಯ ಆಕಾರ ಒಂದೇ. ಬಡ್ಡಿ ಎಂದರೂ ಪಟ್ಟಿ ಎಂದರೂ ಅಷ್ಟೇ. ಹಣದ ವ್ಯವಹಾರದಲ್ಲಿ ಈ ಎರಡು ಮಾತಿನ ನಡುವೆ ಎಷ್ಟು ಅಂತರ ಇದೆ ಎಂದು ಯೋಚಿಸಿ.

ಈಗ ಭಾವನ ಲೆಕ್ಕಕ್ಕೆ ಬನ್ನಿ. ಎಪ್ಪತ್ತು, ಎಂಬತ್ತು. ಮೊದಲು ಎ, ಬಾಯಿ ಸ್ವಲ್ಪ ತೆರೆದು ಮೂಲೆಗಳು ಹಿಗ್ಗುತ್ತವೆ. ಆಮೇಲೆ ಒಂದರಲ್ಲಿ ಪ್ಪ, ಇನ್ನೊಂದರಲ್ಲಿ ಂಬ: ಎರಡರಲ್ಲೂ ತುಟಿ ಸೇರಿ ಕೊಂಚ ಹೊತ್ತು ನಿಲ್ಲುತ್ತದೆ. ಆಮೇಲೆ ಎರಡಕ್ಕೂ ಅತ್ತು. ಕನ್ನಡಿಯಲ್ಲಿ ಧ್ವನಿ ಬಿಟ್ಟು ಬರೀ ತುಟಿ ಆಡಿಸಿ ಹೇಳಿ ನೋಡಿ. ಹೇಳಿದ ನಿಮಗೇ ವ್ಯತ್ಯಾಸ ಕಾಣುವುದಿಲ್ಲ. ಇಪ್ಪತ್ತು ಕೂಡ ಇವುಗಳ ಪಕ್ಕದಲ್ಲೇ ಕೂರುತ್ತದೆ, ದವಡೆ ಒಂದು ಕೂದಲೆಳೆಯಷ್ಟು ಮೇಲಿರುತ್ತದೆ ಅಷ್ಟೇ. ಭಾವ ಬಂದಿದ್ದು ಕನ್ನಡದ ಸಂಖ್ಯೆಗಳಲ್ಲೇ ತುಟಿಗೆ ಅತಿ ಕಷ್ಟವಾದ ಜೋಡಿಯನ್ನು ಹಿಡಿದುಕೊಂಡು.

ಎದುರು ಕೂತಾಗ ಅಮ್ಮನಿಗೆ ತಿಳಿಯುವುದು ಹೇಗೆ?

ಹಾಗಾದರೆ ಅಮ್ಮ ದಿನವೂ ತುಟಿ ಓದುವುದು ಹೇಗೆ? ವಿಡಿಯೊ ಹಾಕಿದಾಗ ಅವರು ಮೂರು ಸಲ ನೋಡಿ, "ಅವ ಯಾವ ವಿಷಯ ಮಾತಾಡ್ತಿದಾನೆ ಅಂತ ಹೇಳು ಮೊದಲು" ಅಂದರು. ಉತ್ತರ ಅಲ್ಲೇ ಇದೆ. ಅವರು ಬರೀ ತುಟಿ ಓದುವುದಲ್ಲ. ವಿಷಯ ಗೊತ್ತಿರುತ್ತದೆ, ಎದುರಿಗಿರುವವರ ಮಾತಿನ ಧಾಟಿ ಗೊತ್ತಿರುತ್ತದೆ, ಕಣ್ಣು ಹುಬ್ಬು ಕೈ ಎಲ್ಲ ಕಾಣುತ್ತದೆ, ಉಳಿದಿರುವ ಅಲ್ಪಸ್ವಲ್ಪ ಕಿವಿಯೂ ಸಹಾಯಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಿಳಿಯದಿದ್ದರೆ "ಆಂ? ಎಷ್ಟು?" ಎಂದು ಮತ್ತೆ ಕೇಳಬಹುದು. ಅಂಗಡಿಯವರು ಎಪ್ಪತ್ತು ಅಂದರೆ ಅಮ್ಮ "ಏಳು ಹತ್ತಾ?" ಎಂದು ತಿರುಗಿ ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಏಳು ಮತ್ತು ಎಂಟು ತುಟಿಯಲ್ಲಿ ಹತ್ತಿರವೇ ಎಂದು ಗೊತ್ತಿರುವುದರಿಂದ ಜೊತೆಗೆ ಬೆರಳೂ ತೋರಿಸುತ್ತಾರೆ. ವಿಡಿಯೊದ ಮನುಷ್ಯನನ್ನು ಹಾಗೆ ತಿರುಗಿ ಕೇಳಲಾಗುವುದಿಲ್ಲ.

ಅಮ್ಮ ಕೇಳಿದರೂ ನಾನು ವಿಷಯ ಹೇಳಲಿಲ್ಲ. ಅವರಿಗೆ ಸ್ವಲ್ಪ ಬೇಸರವೂ ಆಯಿತು. ಆದರೆ ಇದು ಇಡೀ ಕೆಲಸದ ಮೊದಲ ಹಂತ, ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಮೊದಲ ಹಂತ: ನೋಡುವವರಿಗೆ ಉತ್ತರ ಹೇಳಬೇಡಿ

ಕಣ್ಣು ಮತ್ತು ಕಿವಿ ಒಂದನ್ನೊಂದು ಎಷ್ಟು ತಿದ್ದುತ್ತವೆ ಎಂಬುದನ್ನು ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ತೋರಿಸಿದರು. ಬ ಎಂಬ ಶಬ್ದಕ್ಕೆ ಗ ಹೇಳುವ ಬಾಯಿಯ ಚಿತ್ರ ಜೋಡಿಸಿದರೆ ಬಹಳ ಜನರಿಗೆ ಎರಡೂ ಅಲ್ಲದ ದ ಕೇಳಿಸುತ್ತದೆ. ಶಬ್ದವೇ ಇಲ್ಲದಾಗ ಆ ಜಾಗವನ್ನು ನಿರೀಕ್ಷೆ ತುಂಬುತ್ತದೆ. "ಎಂಬತ್ತು ಅಂತಾನೆ ನೋಡು" ಎಂದು ಹೇಳಿ ತೋರಿಸಿದರೆ ಎಂಬತ್ತೇ ಕಾಣುತ್ತದೆ. ಆಮೇಲೆ ಅದನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲ. ಭಾವನಿಗೆ ಆಗಿದ್ದೂ ಅದೇ. ಅವರು ಆ ತುಣುಕನ್ನು ಐವತ್ತು ಸಲ ನೋಡಿದ್ದರು, ಪ್ರತಿ ಸಲವೂ ಎಂಬತ್ತು ಇನ್ನಷ್ಟು ಸ್ಪಷ್ಟವಾಗುತ್ತ ಹೋಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಹಾಗಾಗಿ ನೋಡುವವರು ಕನಿಷ್ಠ ಇಬ್ಬರಿರಲಿ, ಬೇರೆ ಬೇರೆ ಕೋಣೆಯಲ್ಲಿ ಕೂರಲಿ, ಕಂಡದ್ದನ್ನು ಕಾಗದದಲ್ಲಿ ಬರೆಯಲಿ. ವಿಷಯ ಮೊದಲೇ ಕೇಳಿಬಿಟ್ಟವರು (ಇಲ್ಲಿ ನಾನೇ) ಫ್ರೇಮ್ ಎಣಿಸುವ ಕೆಲಸ ಮಾಡಲಿ, ಪದ ಹೇಳುವ ಕೆಲಸ ಬೇಡ.

2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಜಿದಾನ್ ತಲೆಯಿಂದ ಇಟಲಿಯ ಮಾತೆರಾಜಿಯ ಎದೆಗೆ ಗುದ್ದಿದ್ದು ಬಹಳ ಜನರಿಗೆ ನೆನಪಿರಬಹುದು. ಆ ಮೊದಲು ಮಾತೆರಾಜಿ ಏನು ಅಂದ ಎಂದು ತುಟಿ ಓದುವವರಿಂದ ಹೇಳಿಸಿ ಬ್ರಿಟನ್ನಿನ ಪತ್ರಿಕೆಗಳು ಅಚ್ಚು ಹಾಕಿದವು. ಒಬ್ಬರ ಓದು ಇನ್ನೊಬ್ಬರ ಓದಿಗೆ ಹೊಂದಲಿಲ್ಲ. ಮುಂದೆ ಕೆಲವು ಪತ್ರಿಕೆಗಳು ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು. ಅದು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಟಿವಿ ಪ್ರಸಾರ. ನಮ್ಮದು ಜಗಲಿಯ ಸಿಸಿಟಿವಿ.

ಎರಡನೇ ಹಂತ: ಮೂಲ ಫೈಲ್ ತನ್ನಿ, ಬಾಯಿ ಎಷ್ಟು ದೊಡ್ಡದಿದೆ ಅಳೆಯಿರಿ

ಭಾವ ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ್ದ ತುಣುಕು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಕಳಿಸುವಾಗ ಫೈಲನ್ನು ಇನ್ನೊಮ್ಮೆ ಹಿಂಡಿ ಸಣ್ಣದು ಮಾಡುತ್ತಾರೆ. ಹಿಂಡುವಾಗ ಮೊದಲು ಹೋಗುವುದು ಸಣ್ಣ ಜಾಗದ ಸಣ್ಣ ಚಲನೆ, ಅಂದರೆ ತುಟಿಯಂಥದ್ದು. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ಕಳಿಸಿದರೆ ಇನ್ನೂ ಕೆಟ್ಟದು. ಕ್ಯಾಮೆರಾದ ಚಿತ್ರ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಿಂದ ನೇರವಾಗಿ ಪೆನ್‌ಡ್ರೈವ್‌ಗೆ ತೆಗೆಸಿ. ಬೇಗ ತೆಗೆಸಿ, ಏಕೆಂದರೆ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ.

ಆಮೇಲೆ ಎರಡು ಅಳತೆ ತೆಗೆದುಕೊಳ್ಳಿ. ಮಾತಾಡುವ ಹೊತ್ತಿನ ಒಂದು ಚಿತ್ರ ನಿಲ್ಲಿಸಿ, ಫೋಟೊ ಎಡಿಟರ್‌ನಲ್ಲಿ ಬಾಯಿಯ ಎಡಮೂಲೆಯಿಂದ ಬಲಮೂಲೆಗೆ ಎಷ್ಟು ಪಿಕ್ಸೆಲ್ ಇದೆ ನೋಡಿ. ಬಾಯಿ ಮುಖದ ಅಗಲದ ಮೂರನೇ ಒಂದರಷ್ಟಿರುತ್ತದೆ. ಮುಖವೇ 30 ಪಿಕ್ಸೆಲ್ ಇದ್ದರೆ ಬಾಯಿಗೆ ಸಿಗುವುದು 10 ಪಿಕ್ಸೆಲ್, ತೆರೆದ ಬಾಯಿಯ ಎತ್ತರಕ್ಕೆ ಎರಡೋ ಮೂರೋ. ಅಷ್ಟರಲ್ಲಿ ಬಾಯಿ ಆಡುತ್ತಿದೆ ಎಂದು ಹೇಳಬಹುದು, ಬೇರೇನೂ ಹೇಳಲಾಗದು. ನಮ್ಮ ತುಣುಕಿನಲ್ಲಿ ಚೇಣಿದಾರ ಜಗಲಿಯ ತುದಿಗೆ, ಕ್ಯಾಮೆರಾಕ್ಕೆ ಸಮೀಪ ಬಂದಿದ್ದರಿಂದ ಬಾಯಿ ಸುಮಾರು 28 ಪಿಕ್ಸೆಲ್ ಅಗಲ ಇತ್ತು. ತುಟಿ ಸೇರಿದೆಯೇ ಇಲ್ಲವೇ ಎಂದು ನೋಡಲು ಸಾಕಾಯಿತು.

ಎರಡನೆಯದು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು. ಕಂಪ್ಯೂಟರ್‌ನಲ್ಲಿ ffmpeg ಎಂಬ ಉಚಿತ ಪ್ರೋಗ್ರಾಂ ಇದ್ದರೆ ಇದಕ್ಕೆ ಈ ಆಜ್ಞೆ ಸಾಕು, clip.mp4 ಇರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ:

```
ffprobe -v error -select_streams v:0 -show_entries stream=r_frame_rate,avg_frame_rate clip.mp4
```

ಭಾವನ ಕ್ಯಾಮೆರಾ 15 ತೋರಿಸಿತು. ಅಂದರೆ ಫ್ರೇಮಿನಿಂದ ಫ್ರೇಮಿಗೆ ಸುಮಾರು 67 ಮಿಲಿಸೆಕೆಂಡ್. ಬಿಡಿಯಾದ ಒಂದು ಪ ಅಥವಾ ಮ ಹೇಳುವಾಗ ತುಟಿ ಸೇರಿರುವುದು ಹೆಚ್ಚೂಕಡಿಮೆ 100 ಮಿಲಿಸೆಕೆಂಡಿನ ಒಳಗೆ. ಅದು ಒಂದೇ ಫ್ರೇಮಿನಲ್ಲಿ ಬಂದು ಹೋಗಬಹುದು. ಮಳೆಗಾಲದ ಮಂಕು ಬೆಳಕಿನಲ್ಲಿ ಕ್ಯಾಮೆರಾ ಷಟರನ್ನು ಹೆಚ್ಚು ಹೊತ್ತು ತೆರೆದಿಡುವುದರಿಂದ, ಸೇರಿದ ತುಟಿ ಮತ್ತು ತೆರೆದ ತುಟಿ ಒಂದರ ಮೇಲೊಂದು ಬಿದ್ದು ಕಲಸಿಯೂ ಹೋಗಬಹುದು. ಒತ್ತಕ್ಷರದ ಪ್ಪ ಇನ್ನೂ ಸ್ವಲ್ಪ ಉದ್ದ ಇರುವುದರಿಂದ ಎರಡು ಮೂರು ಫ್ರೇಮಿನಲ್ಲಿ ಉಳಿಯುತ್ತದೆ. ಸೆಕೆಂಡಿಗೆ 10 ಫ್ರೇಮ್ ಅಥವಾ ಕಡಿಮೆ ಇದ್ದರೆ ಪದದ ಆಸೆ ಅಲ್ಲಿಗೇ ಬಿಡಿ. ಕೆಲವು ಡಿವಿಆರ್‌ಗಳು 25 ಎಂದು ತೋರಿಸಿದರೂ ಒಂದೇ ಚಿತ್ರವನ್ನು ಎರಡೆರಡು ಸಲ ಬರೆದಿರುತ್ತವೆ. ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತ ನೋಡಿದರೆ ಅದು ತಿಳಿಯುತ್ತದೆ.

ಮಸುಕಾದ ಮುಖವನ್ನು ಚೂಪು ಮಾಡುವ ಎಐ ಆ್ಯಪ್‌ಗಳನ್ನು ಇಲ್ಲಿ ಮುಟ್ಟಲೇಬೇಡಿ. ಅವು ಇಲ್ಲದ ತುಟಿಯನ್ನು ಬೇರೆಯವರ ಮುಖಗಳಿಂದ ಕಲಿತ ಅಂದಾಜಿನ ಮೇಲೆ ಬರೆಯುತ್ತವೆ. ಚಿತ್ರ ಚೆಂದ ಕಾಣುತ್ತದೆ, ಆದರೆ ಆ ತುಟಿ ಚೇಣಿದಾರನದಲ್ಲ. ದೊಡ್ಡದು ಮಾಡಬಹುದು, ಬೆಳಕು ಏರಿಸಬಹುದು. ಅಷ್ಟು ಸಾಕು.

ಮೂರನೇ ಹಂತ: ಪದ ಬೇಡ, ಆಕಾರ ಬರೆಯಿರಿ

ಬೇಕಾದ ಮೂರು ಸೆಕೆಂಡನ್ನು ಬಿಡಿ ಚಿತ್ರಗಳಾಗಿ ತೆಗೆಯಿರಿ. `frames` ಎಂಬ ಫೋಲ್ಡರನ್ನು ಮೊದಲೇ ಮಾಡಿಟ್ಟುಕೊಳ್ಳಿ:

```
ffmpeg -ss 00:04:10 -i clip.mp4 -t 3 -fps_mode passthrough frames/f_%04d.png
```

ಈಗ ಒಂದೊಂದು ಚಿತ್ರಕ್ಕೂ ನಾಲ್ಕರಲ್ಲಿ ಒಂದು ಗುರುತು ಹಾಕಿ: ಮುಚ್ಚಿದೆ, ದುಂಡಗಿದೆ, ತೆರೆದಿದೆ, ಕೆಳತುಟಿ ಹಲ್ಲಿನ ಹತ್ತಿರ ಇದೆ. ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಪ್ರಶ್ನಾರ್ಥಕಕ್ಕೆ ಹಿಂಜರಿಯಬೇಡಿ, ನನ್ನ ಹಾಳೆಯಲ್ಲಿ ಕಾಲುಭಾಗ ಅದೇ ಇತ್ತು.

ನಮಗೆ ಇಲ್ಲೊಂದು ತೊಡಕು ಬಂತು. ಚೇಣಿದಾರ ಕವಳ ಹಾಕಿಕೊಂಡೇ ಮಾತಾಡುತ್ತಿದ್ದ. ಬಾಯಲ್ಲಿ ಕವಳ ಇದ್ದವರು ರಸ ಚೆಲ್ಲಬಾರದೆಂದು ಗದ್ದ ಎತ್ತಿ, ತುಟಿ ಬಿಗಿಹಿಡಿದು ಮಾತಾಡುವುದನ್ನು ಮಲೆನಾಡಿನಲ್ಲಿ ಯಾರು ನೋಡಿಲ್ಲ? ಆಗ ಪವರ್ಗ ಇಲ್ಲದ ಮಾತಿನಲ್ಲೂ ತುಟಿ ಸೇರುತ್ತದೆ. ಅಗಿಯುವಾಗ ಮಾತಿಲ್ಲದೆಯೂ ಸೇರುತ್ತದೆ. ಆ ಭಾಗದಲ್ಲಿ ನಾನು ಹಾಕಿದ "ಮುಚ್ಚಿದೆ" ಗುರುತುಗಳಿಗೆ ಅರ್ಥವೇ ಇರಲಿಲ್ಲ, ಎಲ್ಲವನ್ನೂ ಹೊಡೆದುಹಾಕಿದೆ. ಅದೃಷ್ಟಕ್ಕೆ, ಹಣದ ಮಾತಿಗೆ ಮೊದಲು ಆತ ಎದ್ದು ಜಗಲಿಯ ಅಂಚಿಗೆ ಬಂದು ಅಂಗಳಕ್ಕೆ ಉಗಿದು, ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಒರೆಸಿಕೊಂಡು ಭಾವನ ಕಡೆ ತಿರುಗಿದ. ಕ್ಯಾಮೆರಾಕ್ಕೆ ಹತ್ತಿರ ಬಂದದ್ದೂ ಅದಕ್ಕೇ. ಬಳಸಲು ಬಂದದ್ದು ಅಲ್ಲಿಂದ ಮುಂದಿನ ಎರಡು ಸೆಕೆಂಡು ಮಾತ್ರ.

ಆ ಎರಡು ಸೆಕೆಂಡಿನ ಒಳಗಿನ 11 ಫ್ರೇಮ್ ಹೀಗಿದ್ದವು. ಮೊದಲ ಎರಡರಲ್ಲಿ ಬಾಯಿ ಸ್ವಲ್ಪ ತೆರೆದು ಮೂಲೆಗಳು ಹಿಗ್ಗಿವೆ. ಮುಂದಿನ ಮೂರರಲ್ಲಿ ತುಟಿ ಪೂರ್ತಿ ಸೇರಿದೆ. ಆಮೇಲೆ ಮೂರರಲ್ಲಿ ತೆರೆದಿದೆ. ಕೊನೆಯ ಮೂರರಲ್ಲಿ ತುಟಿ ಕಿರಿದಾಗಿ ದುಂಡಗಾಗುತ್ತದೆ. ಆಮೇಲೆ ಬಾಯಿ ದೊಡ್ಡದಾಗಿ ತೆರೆದು, ಕೆಳತುಟಿ ಒಮ್ಮೆ ಹಲ್ಲಿನತ್ತ ಏರುತ್ತದೆ. ಇದು ಸಾವಿರ ಎಂಬುದಕ್ಕೆ ಹೊಂದುತ್ತದೆ.

ನಾಲ್ಕನೇ ಹಂತ: ಇರಬಹುದಾದ ಮಾತುಗಳ ಪಟ್ಟಿ ಮಾಡಿ, ಹೊಡೆದುಹಾಕುತ್ತ ಬನ್ನಿ

ತುಟಿಯ ಚಿತ್ರಕ್ಕೆ ಒಂದು ಬಲವಿದೆ. "ಇದು ಇಂಥದೇ ಪದ" ಎಂದು ಹೇಳಲು ಅದಕ್ಕೆ ಬರುವುದಿಲ್ಲ, ಆದರೆ "ಇದು ಆ ಪದ ಅಲ್ಲ" ಎಂದು ಎಷ್ಟೋ ಸಲ ಖಚಿತವಾಗಿ ಹೇಳುತ್ತದೆ. ಪವರ್ಗದ ಅಕ್ಷರ ಇರಬೇಕಾದಲ್ಲಿ ತುಟಿ ಸೇರದಿದ್ದರೆ ಆ ಪದ ಅಲ್ಲ. ಇದನ್ನು ಬಳಸಲು ಪಟ್ಟಿ ಚಿಕ್ಕದಿರಬೇಕು, ಮೊದಲೇ ಬರೆದದ್ದಾಗಿರಬೇಕು.

ಸಾವಿರದ ಹಿಂದೆ ಬರಬಹುದಾದ ಸಂಖ್ಯೆಗಳನ್ನು ಇಪ್ಪತ್ತರಿಂದ ನೂರರವರೆಗೆ ಹತ್ತತ್ತರಂತೆ ಬರೆದೆ. ನಲವತ್ತು, ಐವತ್ತು, ಅರವತ್ತು ಮೂರರಲ್ಲೂ ಇರುವುದು ವ, ತುಟಿ ಸೇರುವ ಅಕ್ಷರವೇ ಇಲ್ಲ. ನಮ್ಮ ಮೂರು ಫ್ರೇಮಿನ ಮುಚ್ಚಿದ ತುಟಿಗೆ ಹೊಂದದೆ ಮೂರೂ ಹೋದವು. ಮೂವತ್ತು ಮುಚ್ಚಿದ ತುಟಿಯಿಂದಲೇ ಶುರುವಾಗಿ ದುಂಡಗಾಗುತ್ತದೆ, ಅದೂ ಹೋಯಿತು. ತೊಂಬತ್ತರಲ್ಲಿ ತುಟಿ ಸೇರುವ ಮೊದಲು ಒ ಕಾರದ ದುಂಡು ಬರಬೇಕು. ಇಲ್ಲಿ ಮೂಲೆಗಳು ಹಿಗ್ಗಿದ್ದವು. ನೂರು ಎಂಬುದು ಬರೀ ದುಂಡು. ಉಳಿದದ್ದು ಇಪ್ಪತ್ತು, ಎಪ್ಪತ್ತು, ಎಂಬತ್ತು. ಎಪ್ಪತ್ತೈದು, ಎಂಬತ್ತೈದು ಆಗಿರಬಹುದೇ ಎಂದೂ ನೋಡಿದೆ. ಅವುಗಳಲ್ಲಿ ಕೊನೆಯ ದುಂಡಿಗೆ ಮೊದಲು ಮೂಲೆಗಳು ಇನ್ನೊಮ್ಮೆ ಹಿಗ್ಗಬೇಕು, ಹಾಗೇನೂ ಕಾಣಲಿಲ್ಲ. ಇಪ್ಪತ್ತು ಎಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಅದನ್ನು ಬಿಟ್ಟದ್ದು ಅವರಿಬ್ಬರ ಮಾತಿನ ಮೇಲೆ, ತುಟಿ ನೋಡಿ ಅಲ್ಲ ಎಂದು ಹಾಳೆಯಲ್ಲಿ ಬರೆದುಕೊಂಡೆ.

ಐದನೇ ಹಂತ: ಅದೇ ಕ್ಯಾಮೆರಾದ ಮುಂದೆ ಪರೀಕ್ಷೆ ಮಾಡಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಮುಂದಿನ ಭಾನುವಾರ ತೀರ್ಥಹಳ್ಳಿಗೆ ಹೋಗಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅಕ್ಕನ ಮಗನನ್ನು ನಿಲ್ಲಿಸಿದೆ. 20 ಚೀಟಿ ಮಾಡಿ ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ನಾಲ್ಕು ನಾಲ್ಕು ಬರೆದು ಕಲಸಿ ಕೊಟ್ಟೆ. ಆತ ಒಂದೊಂದೇ ಚೀಟಿ ಎತ್ತಿ "ಇಷ್ಟು ಸಾವಿರ" ಎಂದು ಮಾಮೂಲಿ ವೇಗದಲ್ಲಿ ಹೇಳಿದ, ಎತ್ತಿದ ಕ್ರಮವನ್ನು ಬರೆದಿಟ್ಟುಕೊಂಡ. ಆ ವಿಡಿಯೊವನ್ನು ಅಮ್ಮ ಒಂದು ಕಡೆ, ನಾನು ಒಂದು ಕಡೆ ಕೂತು ನೋಡಿ ಬರೆದೆವು.

ತೊಂಬತ್ತನ್ನು ಇಬ್ಬರೂ ಒಮ್ಮೆಯೂ ತಪ್ಪಲಿಲ್ಲ. ಐವತ್ತು ಅರವತ್ತುಗಳನ್ನು ಎಪ್ಪತ್ತು ಎಂಬತ್ತುಗಳಿಂದ ಬೇರೆ ಮಾಡುವುದರಲ್ಲಿ ನಾನು ಒಂದು ತಪ್ಪಿದೆ, ಅಮ್ಮ ಒಂದೂ ತಪ್ಪಲಿಲ್ಲ. ಎಪ್ಪತ್ತು ಮತ್ತು ಎಂಬತ್ತರ ಎಂಟು ಚೀಟಿಯಲ್ಲಿ ಅಮ್ಮನದು ನಾಲ್ಕು ಸರಿ, ನನ್ನದು ಮೂರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆ ಹಾಳೆಯನ್ನು ಭಾವನ ಮುಂದಿಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಕೂತು ಬರೆದು ನೋಡಿದರು. ತಮ್ಮ ಮಗನ ತುಟಿಯನ್ನೇ ಎಂಟರಲ್ಲಿ ಐದು ಸಲ ಸರಿ ಓದಿದರು.

ಕಂಪ್ಯೂಟರ್‌ಗೆ ಕೊಟ್ಟರೆ ಹೇಳುತ್ತದಲ್ಲ ಎಂದು ಅಕ್ಕನ ಮಗ ಕೇಳಿದ. 2016ರಲ್ಲಿ ಬಂದ ಲಿಪ್‌ನೆಟ್ ಎಂಬ ಪ್ರೋಗ್ರಾಂ ನೂರಕ್ಕೆ 95ರಷ್ಟು ಸರಿ ಹೇಳಿತು ಎಂಬ ಸುದ್ದಿ ಅವನು ಓದಿದ್ದ. ಸುದ್ದಿ ನಿಜವೇ. ಆದರೆ ಅದಕ್ಕೆ ಕೊಟ್ಟದ್ದು ಎದುರಿನಿಂದ ಒಳ್ಳೆಯ ಬೆಳಕಿನಲ್ಲಿ ತೆಗೆದ ಇಂಗ್ಲಿಷ್ ವಾಕ್ಯಗಳು, ಎಲ್ಲವೂ ಒಂದೇ ಅಚ್ಚಿನವು, ಒಟ್ಟು ಪದಗಳೇ 51. ಅದೇ ವರ್ಷ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಗೂಗಲ್‌ನ ಡೀಪ್‌ಮೈಂಡ್ ಜೊತೆ ಸೇರಿ ಬಿಬಿಸಿ ಕಾರ್ಯಕ್ರಮಗಳ ಸಹಜ ಮಾತಿನ ಮೇಲೆ ಪ್ರಯತ್ನಿಸಿದಾಗ ಯಂತ್ರಕ್ಕೆ ಅರ್ಧಕ್ಕಿಂತ ಕಡಿಮೆ ಪದ ಸರಿ ಸಿಕ್ಕವು. ತುಟಿ ಓದುವುದನ್ನೇ ವೃತ್ತಿ ಮಾಡಿಕೊಂಡವರಿಗೆ ನೂರಕ್ಕೆ 12ರಷ್ಟು. ಯಂತ್ರ ಗೆದ್ದದ್ದಕ್ಕೆ ಒಂದು ಕಾರಣ, ಯಾವ ಪದದ ಮುಂದೆ ಯಾವ ಪದ ಬರುತ್ತದೆ ಎಂಬ ರೂಢಿಯನ್ನು ಅದು ಲಕ್ಷಾಂತರ ವಾಕ್ಯಗಳಿಂದ ಕಲಿತಿತ್ತು. "ಎಪ್ಪತ್ತು ಸಾವಿರ", "ಎಂಬತ್ತು ಸಾವಿರ" ಎರಡೂ ರೂಢಿಯಲ್ಲಿರುವ ಮಾತೇ. ಯಂತ್ರವೂ ಒಂದನ್ನು ಆರಿಸಿ ಹೇಳುತ್ತದೆ, ಆದರೆ ಆ ಆಯ್ಕೆ ಚೇಣಿದಾರನ ತುಟಿಯಿಂದ ಬಂದದ್ದಾಗಿರುವುದಿಲ್ಲ.

ಹಾಗಾದರೆ ಎಲ್ಲಿ ಉಪಯೋಗ?

ನನ್ನ ಕೆಲಸದಲ್ಲಿ ತುಟಿ ನೋಡದ ದಿನವಿಲ್ಲ. ಮದುವೆಯಲ್ಲಿ ಪುರೋಹಿತರ ಹತ್ತಿರ ಬೇರೆ ರೆಕಾರ್ಡರ್ ಇಡುತ್ತೇವೆ, ಕ್ಯಾಮೆರಾದ ಶಬ್ದವೆಲ್ಲ ವಾಲಗದಲ್ಲಿ ಮುಳುಗಿರುತ್ತದೆ. ಎಡಿಟ್ ಮಾಡುವಾಗ ಎರಡನ್ನೂ ಹೊಂದಿಸಬೇಕು. "ಮಾಂಗಲ್ಯಂ ತಂತುನಾನೇನ ಮಮ ಜೀವನ ಹೇತುನಾ" ಎಂಬಲ್ಲಿ ಮೊದಲ ಮಾ ಬರುವಾಗ ತುಟಿ ಸೇರಿ ಬಿಡುವ ಫ್ರೇಮ್ ಹುಡುಕುತ್ತೇನೆ, ಶಬ್ದದಲ್ಲಿ ಮಾ ಒಡೆಯುವ ಜಾಗಕ್ಕೆ ಅದನ್ನು ಕೂರಿಸುತ್ತೇನೆ, ಮಮ ಎಂಬಲ್ಲಿ ಎರಡು ಸಲ ಸೇರಿದ ತುಟಿಯಿಂದ ತಾಳೆ ನೋಡುತ್ತೇನೆ. ಮಾತು ಮೊದಲೇ ಗೊತ್ತಿರುವುದರಿಂದ ಇಲ್ಲಿ ತುಟಿ ಒಂದು ಫ್ರೇಮಿನಷ್ಟೂ ಮೋಸ ಮಾಡುವುದಿಲ್ಲ.

ಶಬ್ದ ಸ್ವಲ್ಪವಾದರೂ ಇದ್ದರೆ ತುಟಿಯ ಬೆಲೆ ಬಹಳ ಏರುತ್ತದೆ. ಗದ್ದಲದಲ್ಲಿ ಮಾತು ಕೇಳುವವರಿಗೆ ಮುಖವೂ ಕಂಡರೆ ಎಷ್ಟು ಹೆಚ್ಚು ಪದ ಸಿಗುತ್ತವೆ ಎಂದು ಸಂಬಿ ಮತ್ತು ಪೊಲಾಕ್ ಎಂಬ ಸಂಶೋಧಕರು 1954ರಲ್ಲೇ ತೋರಿಸಿದ್ದಾರೆ. ಗದ್ದಲ ಹೆಚ್ಚಿದಷ್ಟೂ ಮುಖದ ನೆರವು ಹೆಚ್ಚು. ಕಾರಣ ಸರಳ. ಗದ್ದಲದಲ್ಲಿ ಕಿವಿ ಪ ಯಾವುದು ತ ಯಾವುದು ಎಂದು ತಡವರಿಸುತ್ತದೆ, ಅದು ಕಣ್ಣಿಗೆ ಸುಲಭ. ಪ ಯಾವುದು ಮ ಯಾವುದು ಎಂಬುದು ಕಣ್ಣಿಗೆ ಕಾಣದು, ಆದರೆ ಮೂಗಿನ ನಾದದ ಗುನುಗು ಗದ್ದಲದ ನಡುವೆಯೂ ಕಿವಿಗೆ ಸ್ವಲ್ಪ ತಲುಪುತ್ತದೆ. ಭಾವನ ಕ್ಯಾಮೆರಾದಲ್ಲಿ ತೀರಾ ಮಂದವಾದ ಮೈಕ್ ಒಂದಿದ್ದಿದ್ದರೂ ಎಪ್ಪತ್ತು ಎಂಬತ್ತು ಬೇರೆಯಾಗುತ್ತಿದ್ದವೇನೋ. ಹಾಗಾಗಿ "ಶಬ್ದ ಇಲ್ಲ" ಎಂದು ಯಾರಾದರೂ ಹೇಳಿದರೆ, ಫೈಲಿನಲ್ಲಿ ಆಡಿಯೊ ಟ್ರ್ಯಾಕ್ ನಿಜಕ್ಕೂ ಇಲ್ಲವೇ ಎಂದು ಮೊದಲು ನೋಡಿ. ಕೆಲವೊಮ್ಮೆ ಇರುತ್ತದೆ, ಡಿವಿಆರ್‌ನ ಪರದೆಯಲ್ಲಿ ಮ್ಯೂಟ್ ಆಗಿರುತ್ತದೆ ಅಷ್ಟೇ. ಭಾವನದರಲ್ಲಿ ಇರಲಿಲ್ಲ.

ಇನ್ನೊಂದು ಉಪಯೋಗ ಯಾರು, ಯಾವಾಗ ಎಂಬುದು. ಪದ ತಿಳಿಯದಿದ್ದರೂ ಮಾತಾಡಿದ್ದು ಯಾರು, ಆಗ ಯಾರು ಹತ್ತಿರ ಇದ್ದರು ಎಂಬುದು ಸಾಮಾನ್ಯವಾಗಿ ಸ್ಪಷ್ಟವಾಗಿ ಸಿಗುತ್ತದೆ. ಭಾವನಿಗೆ ಕೆಲಸಕ್ಕೆ ಬಂದದ್ದು ಇದೇ. ಚೇಣಿದಾರ ಆ ಸಂಖ್ಯೆ ಹೇಳಿದ ಹೊತ್ತಿಗೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಮೆಟ್ಟಿಲ ಹತ್ತಿರ, ಕೈಗೆಟುಕುವ ದೂರದಲ್ಲಿ ಕಂಬಳಿಕೊಪ್ಪೆ ಕೊಡವುತ್ತ ನಿಂತಿದ್ದ. ಅವನು ಅಲ್ಲಿದ್ದದ್ದು ಇಬ್ಬರಿಗೂ ಮರೆತುಹೋಗಿತ್ತು. ಅವನನ್ನು ಕೇಳುವಾಗ "ಎಪ್ಪತ್ತಾ ಎಂಬತ್ತಾ" ಎಂದು ಕೇಳಬೇಡಿ, ವಿಡಿಯೊವನ್ನೂ ತೋರಿಸಬೇಡಿ, "ಆವತ್ತು ಹಣದ ಮಾತು ಏನಾಯ್ತು" ಎಂದಷ್ಟೇ ಕೇಳಿ, ಚೇಣಿದಾರನೂ ಎದುರಿಗಿರಲಿ ಎಂದು ಭಾವನಿಗೆ ಹೇಳಿ ಕಳಿಸಿದೆ.

ಬರೆದುಕೊಡುವಾಗ

ಮಾತು ಪಂಚಾಯಿತಿಗೋ ಕೋರ್ಟಿಗೋ ಹೋಗುವಂತಿದ್ದರೆ ಮೂಲ ಫೈಲನ್ನು ಮುಟ್ಟದೆ ಎತ್ತಿಡಿ, ಕೆಲಸವೆಲ್ಲ ನಕಲಿನ ಮೇಲೆ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ, ಅಂದರೆ ಫೈಲ್ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆಯನ್ನೂ ಬರೆಯಬೇಕಾಗುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದು ಹೀಗೆ ಸಿಗುತ್ತದೆ:

```
certutil -hashfile clip.mp4 SHA256
```

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಲಟ್ರೆಲ್ ಪ್ರಕರಣದಲ್ಲಿ ತುಟಿ ಓದಿದವರ ಸಾಕ್ಷ್ಯವನ್ನು ತೆಗೆದುಕೊಳ್ಳಬಹುದು ಎಂದಿತು. ಆದರೆ ಅದರ ಮಿತಿ ಏನು, ಎಲ್ಲಿ ತಪ್ಪಬಹುದು ಎಂದು ಜ್ಯೂರಿಗೆ ನ್ಯಾಯಾಧೀಶರು ಎಚ್ಚರಿಕೆ ಕೊಡಲೇಬೇಕು ಎಂದೂ ಹೇಳಿತು. ನೀವು ಬರೆದುಕೊಡುವ ಹಾಳೆಯಲ್ಲೂ ಮಿತಿ ಮೊದಲು ಬರಲಿ. ನಾನು ಭಾವನಿಗೆ ಬರೆದುಕೊಟ್ಟದ್ದು ಇಷ್ಟು:

"ವಿಡಿಯೊದಲ್ಲಿ ಶಬ್ದ ಇಲ್ಲ. ಸೆಕೆಂಡಿಗೆ 15 ಫ್ರೇಮ್. 4 ನಿಮಿಷ 10 ಸೆಕೆಂಡಿನಿಂದ ಎರಡು ಸೆಕೆಂಡು ಮಾತ್ರ ಬಾಯಿ ಖಾಲಿ ಇದ್ದು ತುಟಿ ಸ್ಪಷ್ಟವಾಗಿದೆ. ಮಾತಾಡುತ್ತಿರುವವರು ಚೇಣಿದಾರರು. ತುಟಿಯ ಆಕಾರ ಐವತ್ತು, ಅರವತ್ತು, ತೊಂಬತ್ತು ಸಾವಿರಕ್ಕೆ ಹೊಂದುವುದಿಲ್ಲ. ಎಪ್ಪತ್ತು ಸಾವಿರಕ್ಕೂ ಎಂಬತ್ತು ಸಾವಿರಕ್ಕೂ ಸಮನಾಗಿ ಹೊಂದುತ್ತದೆ. ಎರಡರಲ್ಲಿ ಯಾವುದು ಎಂದು ಈ ವಿಡಿಯೊದಿಂದ ಹೇಳಲು ಸಾಧ್ಯವಿಲ್ಲ. ಅದೇ ಕ್ಯಾಮೆರಾದಲ್ಲಿ ಮಾಡಿದ ಪರೀಕ್ಷೆಯ ಹಾಳೆ ಜೊತೆಗಿದೆ. ಆ ಸಮಯದಲ್ಲಿ ಮೆಟ್ಟಿಲ ಬಳಿ ಮೂರನೆಯವರೊಬ್ಬರು ನಿಂತಿರುವುದು ಕಾಣುತ್ತದೆ."